ಮುಲುಂಡಿನ ಫ್ಲ್ಯಾಟ್ ಮಾರಾಟ: ಸೊಸೈಟಿ ಎನ್‌ಒಸಿಗೆ 2 ಲಕ್ಷ ಕೇಳುತ್ತಿದೆ

ಸುಜಾತಾ, ಮುಲುಂಡ್: ನಮ್ಮ ಫ್ಲ್ಯಾಟ್ ಕೊಳ್ಳುವವರು ಬ್ಯಾಂಕ್ ಸಾಲ ಮಾಡುತ್ತಿದ್ದಾರೆ. ಬ್ಯಾಂಕು ಸೊಸೈಟಿಯ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ ಕೇಳಿದೆ. ಕಾರ್ಯದರ್ಶಿಯವರು ನಿರ್ವಹಣಾ ಬಾಕಿ 18,400 ರೂಪಾಯಿಯ ಜೊತೆಗೆ ಕಟ್ಟಡ ನಿಧಿಗೆ 2 ಲಕ್ಷ ಕೊಟ್ಟರೆ ಮಾತ್ರ ಪತ್ರ ಕೊಡುತ್ತೇವೆ ಎನ್ನುತ್ತಾರೆ. ಕೊಡಲೇಬೇಕೇ?

ಪ್ರಕಾಶ, ಡೊಂಬಿವಲಿ: ಒಂದು ಪೈಸೆಯನ್ನೂ ಕೊಡಬೇಡಿ. ಮಹಾರಾಷ್ಟ್ರದಲ್ಲಿ ಫ್ಲ್ಯಾಟ್ ಮಾರಲು ಸೊಸೈಟಿಯ ಎನ್‌ಒಸಿ ಬೇಕಾಗಿಯೇ ಇಲ್ಲ, ಸೊಸೈಟಿಗಳ ನಿಯಮಾವಳಿಯಾದ ಮಾದರಿ ಬೈಲಾದಲ್ಲೇ ಹಾಗೆ ಬರೆದಿದೆ. ಕಾರ್ಯದರ್ಶಿಯನ್ನು ಕೇಳದೆ ನೇರವಾಗಿ ನೋಂದಣಿ ಮಾಡಿಸಿ.

ವಸಂತ ರಾವ್, ಮಾಟುಂಗಾ: ಪ್ರಕಾಶ ಅವರೇ, ಬೈಲಾ ಕುರಿತ ನಿಮ್ಮ ಮಾತು ನಿಜ. ಫ್ಲ್ಯಾಟಿನ ಜೊತೆ ಹೋಗುವ ಸೊಸೈಟಿ ಷೇರಿನ ವರ್ಗಾವಣೆಗೆ ಎನ್‌ಒಸಿ ಅಗತ್ಯವಿಲ್ಲ ಎಂದು 38ನೇ ಬೈಲಾ ಹೇಳುತ್ತದೆ. ಆದರೆ ಇಲ್ಲಿ ಪತ್ರ ಕೇಳುತ್ತಿರುವುದು ಬ್ಯಾಂಕು. ಮಾರುವವರು ಸದಸ್ಯರೇ, ಬಾಕಿ ಇದೆಯೇ, ಫ್ಲ್ಯಾಟನ್ನು ಅಡಮಾನ ಇಡಲು ಸೊಸೈಟಿಯ ಆಕ್ಷೇಪವಿದೆಯೇ ಎಂಬುದು ಅದಕ್ಕೆ ಗೊತ್ತಾಗಬೇಕು. ಪತ್ರವಿಲ್ಲದಿದ್ದರೆ ನೋಂದಣಿ ಆದೀತು, ಸಾಲದ ಹಣ ಬರುವುದಿಲ್ಲ.

ಸುಜಾತಾ ಅವರೇ, ಅದೇ ಬೈಲಾದಲ್ಲಿ ಇನ್ನೊಂದು ಮಾತಿದೆ: ಸದಸ್ಯರು ಎನ್‌ಒಸಿ ಬೇಕೆಂದು ಅರ್ಜಿ ಕೊಟ್ಟರೆ ಸಮಿತಿ ಒಂದು ತಿಂಗಳೊಳಗೆ ನಿರ್ಧರಿಸಬೇಕು. ಬಾಯಿಮಾತಿನಲ್ಲಿ ಕೇಳುತ್ತಾ ಹೋದರೆ ಆ ಗಡುವು ಶುರುವಾಗುವುದೇ ಇಲ್ಲ. ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೊಸೈಟಿಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಮಾರಾಟದ ಉದ್ದೇಶ ತಿಳಿಸುವ 15 ದಿನಗಳ ನೋಟಿಸನ್ನೂ ಕೊಳ್ಳುವವರ ಒಪ್ಪಿಗೆ ಪತ್ರವನ್ನೂ ಅದರೊಂದಿಗೇ ಕೊಟ್ಟುಬಿಡಿ.

ಇನ್ನು ಹಣ. ಬಾಕಿ 18,400 ನ್ಯಾಯವಾದದ್ದು, ಕಟ್ಟಿ ರಸೀದಿ ಪಡೆಯಿರಿ. ವರ್ಗಾವಣೆ ಶುಲ್ಕ 500. ಮಾರಾಟವಾದಾಗ ಸೊಸೈಟಿಗೆ ಕೊಡುವ ವರ್ಗಾವಣೆ ಪ್ರೀಮಿಯಂ ಅನ್ನು ಸರ್ವಸಾಧಾರಣ ಸಭೆ ನಿಗದಿ ಮಾಡಬೇಕು, ಆದರೆ 2001ರ ಆಗಸ್ಟ್ 9ರ ಸರ್ಕಾರಿ ಆದೇಶದಂತೆ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಅದು 25,000 ಮೀರುವಂತಿಲ್ಲ. ಅಂದರೆ ನಿಮ್ಮ ಕಡೆಯಿಂದ ಹೆಚ್ಚೆಂದರೆ 43,900. ಕೊಳ್ಳುವವರದು ಪ್ರವೇಶ ಶುಲ್ಕ 100. ದೇಣಿಗೆ ಎಂಬ ಹೆಸರಿಟ್ಟರೂ 2 ಲಕ್ಷ ಕೇಳುವ ಹಕ್ಕು ಸೊಸೈಟಿಗಿಲ್ಲ.

ಗಿರಿಜಾ, ಪುಣೆ: ನಮ್ಮ ಯಜಮಾನರು ತೀರಿಕೊಂಡ ಮೇಲೆ ಷೇರ್ ಸರ್ಟಿಫಿಕೇಟ್ ನನ್ನ ಹೆಸರಿಗೆ ಬರಲು ಸೊಸೈಟಿ 25,000 ಕೇಳಿತು. ಕೊಟ್ಟುಬಿಟ್ಟೆ. ಇದೂ ಅದೇ ನಿಯಮವೇ?

ವಸಂತ ರಾವ್, ಮಾಟುಂಗಾ: ಅಲ್ಲ ತಾಯಿ, ನಿಮ್ಮದು ಮಾರಾಟವಲ್ಲ. ಕುಟುಂಬದವರಿಗೆ ಅಥವಾ ನಾಮನಿರ್ದೇಶಿತರಿಗೆ ವರ್ಗಾವಣೆಯಾದಾಗ ಪ್ರೀಮಿಯಂ ಇಲ್ಲ. ರಸೀದಿಯ ಪ್ರತಿ ಲಗತ್ತಿಸಿ, ಹಣ ಮರಳಿಸುವಂತೆ ಸಮಿತಿಗೆ ಬರೆಯಿರಿ.

ನಾಗರಾಜ, ಠಾಣೆ: ನಾನು ಸಮಿತಿಯಲ್ಲಿ ಖಜಾಂಚಿ. 25,000 ಮಿತಿ ಹಾಕಿದ್ದು 2001ರಲ್ಲಿ. ಇಂದು ಟೆರೇಸ್ ಸೋರಿಕೆ ತಡೆಯಲು ತಗಲುವ ಖರ್ಚು ಇವರಿಗೆ ಗೊತ್ತೇ? ಲಕ್ಷಗಟ್ಟಲೆ ಲಾಭ ಮಾಡಿ ಹೋಗುವವರು ಕಟ್ಟಡಕ್ಕೆ ಸ್ವಲ್ಪ ಕೊಟ್ಟರೆ ತಪ್ಪೇನು?

ಸುಜಾತಾ, ಮುಲುಂಡ್: ಟೆರೇಸ್ ದುರಸ್ತಿಗೆ ಎಲ್ಲರ ಜೊತೆ ನನ್ನ ಪಾಲನ್ನೂ ಕೊಟ್ಟಿದ್ದೇನೆ. ಮಾರುತ್ತಿದ್ದೇನೆ ಎಂಬ ಕಾರಣಕ್ಕೆ ನನ್ನೊಬ್ಬಳಿಂದಲೇ 2 ಲಕ್ಷ ಏಕೆ?

ವಸಂತ ರಾವ್, ಮಾಟುಂಗಾ: ನಾಗರಾಜ ಅವರೇ, ಮಿತಿ ಹಳೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ದುರಸ್ತಿಗೆ ಹಣ ಬೇಕಿದ್ದರೆ ಸರ್ವಸಾಧಾರಣ ಸಭೆ ಕರೆದು ಎಲ್ಲ ಸದಸ್ಯರಿಂದಲೂ ಎತ್ತಬೇಕು. ಪತ್ರಕ್ಕಾಗಿ ಕೈಚಾಚಿ ನಿಂತವರ ಕತ್ತು ಹಿಡಿಯುವುದು ದಾರಿಯಲ್ಲ.

ಪ್ರಕಾಶ, ಡೊಂಬಿವಲಿ: ಪತ್ರ ಸಿಕ್ಕಿತು, ನೋಂದಣಿಯೂ ಆಯಿತು ಎಂದಿಟ್ಟುಕೊಳ್ಳಿ. ಆಮೇಲೆ ಸೊಸೈಟಿ ಷೇರು ವರ್ಗಾಯಿಸದೆ ಸತಾಯಿಸಿದರೆ?

ವಸಂತ ರಾವ್, ಮಾಟುಂಗಾ: ಸಮಿತಿ ಷೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ಹೊಸ ಹೆಸರು ಬರೆದು ಸಹಿ ಹಾಕಬೇಕು, ಅದಿಲ್ಲದೆ ವ್ಯವಹಾರ ಮುಗಿದಂತಲ್ಲ. ಮೂಲ ಸರ್ಟಿಫಿಕೇಟು, ನೋಂದಾಯಿತ ಕರಾರಿನ ಪ್ರತಿ, ನೋಂದಣಿ ಕಚೇರಿ ಕೊಡುವ ಸಾರಾಂಶ ಪತ್ರ ಇಂಡೆಕ್ಸ್ 2, ಮಾರುವವರ ರಾಜೀನಾಮೆ, ಕೊಳ್ಳುವವರ ಸದಸ್ಯತ್ವದ ಅರ್ಜಿ ಒಟ್ಟಿಗೆ ಹೋಗಲಿ. ಸುಜಾತಾ ಅವರೇ, ನಿಮ್ಮ ಮೇಲೆ ಹಳೆಯ ಸಾಲವಿದ್ದರೆ ಮೂಲ ಸರ್ಟಿಫಿಕೇಟು ಆ ಬ್ಯಾಂಕಿನಲ್ಲೇ ಇರಬಹುದು, ಈಗಲೇ ವಿಚಾರಿಸಿ. ಸದಸ್ಯತ್ವದ ಅರ್ಜಿಗೆ ಸೊಸೈಟಿ ಮೂರು ತಿಂಗಳೊಳಗೆ ಉತ್ತರಿಸಬೇಕು. ನಿರಾಕರಿಸಿದರೆ ನಿಮ್ಮ ವಾರ್ಡಿನ ಉಪ ನಿಬಂಧಕರಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಶಶಿಕಲಾ, ಚೆಂಬೂರು: ಕಟ್ಟಡ ಕಲೆಕ್ಟರ್ ಭೂಮಿ, ಅಂದರೆ ಸರ್ಕಾರ ಕೊಟ್ಟ ಜಮೀನಿನ ಮೇಲಿದೆಯೇ ಎಂದೂ ನೋಡಿ. ನಮ್ಮಲ್ಲಿ ಹಾಗಿತ್ತು. ಸೊಸೈಟಿ ಒಪ್ಪಿದ್ದರೂ ಕಲೆಕ್ಟರ್ ಕಚೇರಿಯ ಅನುಮತಿಗಾಗಿ ಬಹಳ ಕಾಯಬೇಕಾಯಿತು. ಜಮೀನಿನ ಒಡೆತನದ ದಾಖಲೆಯಾದ ಪ್ರಾಪರ್ಟಿ ಕಾರ್ಡ್ ತೆಗೆಸಿದರೆ ಗೊತ್ತಾಗುತ್ತದೆ.

ನಾಗರಾಜ, ಠಾಣೆ: ಕಾಗದದಲ್ಲಿ ಇದೆಲ್ಲ ಸರಿ. ಒಂದು ತಿಂಗಳು ಕಾದು, ಮೇಲ್ಮನವಿಗೆ ಅಲೆಯುವಷ್ಟರಲ್ಲಿ ಕೊಳ್ಳುವವರು ಬೇರೆ ಫ್ಲ್ಯಾಟ್ ನೋಡಿಕೊಂಡರೆ ಆ ನಷ್ಟವನ್ನು ವಸಂತ ರಾಯರು ತುಂಬಿಕೊಡುತ್ತಾರೆಯೇ?

ಸುಜಾತಾ, ಮುಲುಂಡ್: ಆ ಭಯ ನನಗೂ ಇದೆ. ಬ್ಯಾಂಕಿನ ಮಂಜೂರಾತಿಯ ಅವಧಿ ಎಲ್ಲಿಯವರೆಗೆ ಎಂದು ಕೊಳ್ಳುವವರನ್ನು ಕೇಳುತ್ತೇನೆ. ಲಿಖಿತ ಅರ್ಜಿಯನ್ನು ನಾಳೆಯೇ ಕೊಡುತ್ತೇನೆ, 2 ಲಕ್ಷದ ಬೇಡಿಕೆಯನ್ನೂ ಬರಹದಲ್ಲೇ ಕೊಡಿ ಎಂದು ಅದರಲ್ಲಿ ಕೇಳುತ್ತೇನೆ.