‘ಇರುವ ತನಕ’, ‘ಆಗುವ ತನಕ’: ಸೂಡೊಕೋಡ್‌ನಲ್ಲಿ ಯಾವುದು ಸರಿ?

ಕಲಬುರಗಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ನಮ್ಮ ಮಕ್ಕಳು ಸೂಡೊಕೋಡನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ. 1ರಿಂದ N ತನಕದ ಮೊತ್ತಕ್ಕೆ ಒಬ್ಬ ಹುಡುಗಿ ‘I = N ಆಗುವ ತನಕ ಕೂಡುತ್ತಾ ಹೋಗು’ ಎಂದು ಬರೆದಿದ್ದಾಳೆ. ಫ್ಲೋಚಾರ್ಟಿನಲ್ಲೂ ಕೂಡುವ ಮುಂಚೆಯೇ ಡೈಮಂಡ್ ಇಟ್ಟು, ಒಳಗೆ I = N? ಎಂದು ಬರೆದು, ‘ಹೌದು’ ಬಾಣವನ್ನು ಹೊರಗೆ ಎಳೆದಿದ್ದಾಳೆ. Nಗೆ 5 ಕೊಟ್ಟರೆ 15 ಬರಬೇಕು, 10 ಬರುತ್ತಿದೆ. ಅವಳ ಕನ್ನಡ ತಪ್ಪಾ, ಲೆಕ್ಕ ತಪ್ಪಾ?

ಯಾದಗಿರಿಯಿಂದ

ಕನ್ನಡ ಸರಿಯಾಗೇ ಇದೆ ಸರ್. ‘ಐದರ ತನಕ ಎಣಿಸು’ ಅಂದರೆ ಐದೂ ಸೇರುತ್ತದೆ ಅಲ್ವಾ? ಹಾಗಾಗಿ ಐದನ್ನೂ ಕೂಡಬೇಕು. ಬಾಣ ಎಲ್ಲೋ ತಪ್ಪಿರಬೇಕು.

ಬೀದರಿನಿಂದ

‘ಐದರ ತನಕ’ದಲ್ಲಿ ಐದು ಸೇರುತ್ತದೆ, ನಿಜ. ಆದರೆ ‘ಐದು ಆಗುವ ತನಕ’ ಬೇರೆ ಮಾತು. ‘ಕತ್ತಲೆ ಆಗುವ ತನಕ ಆಡು’ ಅಂದರೆ ಕತ್ತಲಾದ ಮೇಲೆ ಆಡುವ ಹಾಗಿಲ್ಲ. ಡ್ರೈ ರನ್ ಮಾಡಿ ನೋಡಿ. I 1, 2, 3, 4 ಇದ್ದಾಗ ಕೂಡಿ S 10 ಆಯಿತು. I ಐದಾಗುತ್ತಲೇ ಡೈಮಂಡ್ ‘ಹೌದು’ ಅಂತು, ಹೊರಗೆ ಕಳಿಸಿತು. ಐದು ಕೂಡಲೇ ಇಲ್ಲ.

‘ಆಗುವ ತನಕ’ ಯಾವಾಗ ನಿಲ್ಲಬೇಕು ಎಂದು ಹೇಳುತ್ತದೆ. ‘ಇರುವ ತನಕ’ ಯಾವಾಗ ಮುಂದುವರಿಯಬೇಕು ಎಂದು ಹೇಳುತ್ತದೆ. WHILEಗೆ ಎರಡನೆಯದೇ ಬೇಕು:

```
S = 0
I = 1
WHILE I <= N
    S = S + I
    I = I + 1
ENDWHILE
PRINT S
```

ಇದು ‘I <= N ಇರುವ ತನಕ’. ಈಗ ‘ಹೌದು’ ಬಾಣ ಒಳಗೆ ಹೋಗುತ್ತದೆ, ‘ಇಲ್ಲ’ ಹೊರಗೆ. ‘I > N ಆಗುವ ತನಕ’ ಎಂದು ಬರೆದರೂ ಸರಿ, ಆದರೆ ಬಾಣಗಳು ಅದಲು ಬದಲಾಗಬೇಕು. ಮಕ್ಕಳು ಮಾತು ಬದಲಿಸಿ ಬಾಣ ಹಾಗೇ ಬಿಡುತ್ತಾರೆ, ಜಾಸ್ತಿ ಎಡವುವುದು ಅಲ್ಲೇ.

ಇನ್ನೊಂದು. Nಗೆ 0 ಕೊಟ್ಟು ನೋಡಲು ಹೇಳಿ. ಆ ಹುಡುಗಿಯ ಚಿತ್ರದಲ್ಲಿ I ಒಂದರಿಂದ ಶುರುವಾಗಿ ಮೇಲೇರುತ್ತಲೇ ಇರುತ್ತದೆ, ಸೊನ್ನೆ ಆಗುವುದೇ ಇಲ್ಲ. ಲೂಪ್ ನಿಲ್ಲುವುದಿಲ್ಲ. `I <= N` ಇದ್ದರೆ ಒಳಗೇ ಹೋಗದೆ 0 ಮುದ್ರಿಸುತ್ತದೆ.

ಕಲಬುರಗಿಯಿಂದ, ಒಬ್ಬ ತಾಯಿ

ನನ್ನ ಮಗನಿಗೆ N ಓದುವ ಹೆಜ್ಜೆಯನ್ನು ಚೌಕದಲ್ಲಿ ಬರೆದದ್ದಕ್ಕೆ ಅಂಕ ಕಳೆದಿದ್ದಾರೆ. ಉತ್ತರ ಸರಿ ಇದ್ದರೂ ಹೀಗೆ ಮಾಡಬಹುದಾ ರೀ?

ಬೀದರಿನಿಂದ

ಅಕ್ಕಾ, ಓದುವುದಕ್ಕೂ ಮುದ್ರಿಸುವುದಕ್ಕೂ ಓರೆ ಪೆಟ್ಟಿಗೆ, ಲೆಕ್ಕಕ್ಕೆ ಚೌಕ. ಫ್ಲೋಚಾರ್ಟ್ ಕೇಳಿದಾಗ ಆಕಾರಕ್ಕೂ ಅಂಕ ಇರಬಹುದು.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು

ಮೇಡಂ, ಅರ್ಥವಾಯಿತು. ಒಂದು ಉಳಿಯಿತು. ಡೈಮಂಡನ್ನು ಕೆಳಗಿಟ್ಟು REPEAT, UNTIL ಬರೆದರೆ ‘I > N ಆಗುವ ತನಕ’ ಚೆನ್ನಾಗಿ ಹೊಂದುತ್ತದೆ. ಆದರೆ N 0 ಇದ್ದರೆ ಒಂದು ಸಲ ಕೂಡಿಬಿಟ್ಟು 1 ಕೊಡುತ್ತದೆ. ಮೇಲೆ ಕೇಳುವ ‘ತನಕ’ಕ್ಕೂ ಕೆಳಗೆ ಕೇಳುವ ‘ತನಕ’ಕ್ಕೂ ಬೇರೆ ಬೇರೆ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯಾ?

ಯಾದಗಿರಿಯಿಂದ

ನಾವು ‘ಮೊದಲು ಮಾಡು, ಆಮೇಲೆ ಕೇಳು’ ಅಂತೀವಿ. ಪರೀಕ್ಷೆಯ ಹಾಳೆಯಲ್ಲಿ ಹಾಗೆ ಬರೆದರೆ ಒಪ್ಪುತ್ತಾರೋ ಇಲ್ಲವೋ, ಬಲ್ಲವರು ಹೇಳಿ.