ಪದಚರ್ಚೆ: ದೊಡ್ಡವನೋ ಚಿಕ್ಕವನೋ ಹೇಳದ ‘ಬ್ರದರ್’ಗೆ ಕನ್ನಡ ಪದ? (ಇವತ್ತು ಸಂಜೆಯೊಳಗೆ ಬೇಕು)

ಸುಜಾತಾ, ಉಡುಪಿ:

ಎಲ್ಲರಿಗೂ ನಮಸ್ಕಾರ. ಐದನೇ ಕ್ಲಾಸಿನ ಆನ್‌ಲೈನ್ ಗಣಿತ ಕೋರ್ಸಿಗೆ ಕ್ವಿಜ್ ಬರೆಯುತ್ತಿದ್ದೇನೆ. ಒಂದೇ ಪ್ರಶ್ನೆ ಇಂಗ್ಲಿಷ್, ಹಿಂದಿ, ಕೊಂಕಣಿ, ತುಳು, ಕನ್ನಡ ಐದರಲ್ಲೂ ಹೋಗಬೇಕು. ಸಿಕ್ಕಿಬಿದ್ದಿರುವುದು ಇದರಲ್ಲಿ: ‘ರವಿಗೆ 12 ವರ್ಷ. ಅವನ ಮತ್ತು ಅವನ ಬ್ರದರ್‌ನ ವಯಸ್ಸು ಕೂಡಿದರೆ 20. ಬ್ರದರ್ ರವಿಗಿಂತ ಎಷ್ಟು ದೊಡ್ಡವನು ಅಥವಾ ಚಿಕ್ಕವನು?’ ಆಯ್ಕೆಗಳು ನಾಲ್ಕು: 4 ವರ್ಷ ದೊಡ್ಡವನು, 4 ವರ್ಷ ಚಿಕ್ಕವನು, 8 ವರ್ಷ ದೊಡ್ಡವನು, 8 ವರ್ಷ ಚಿಕ್ಕವನು.

‘ತಮ್ಮ’ ಅಂತ ಬರೆದರೆ ಎರಡು ಆಯ್ಕೆ ಸುಮ್ನೆ ಬಿದ್ದುಹೋಗುತ್ತವೆ. ‘ಅಣ್ಣ’ ಅಂದರೆ ಪ್ರಶ್ನೆಯೇ ಸುಳ್ಳು. ಹಿಂದಿಯ ‘ಭಾಯಿ’ಗೆ ಈ ತೊಂದರೆ ಇಲ್ಲ. ತುಳುವಿನಲ್ಲೂ ಅಣ್ಣೆ, ಮೆಗ್ಯೆ ಬೇರೆ ಬೇರೆ. ಏನು ಹಾಕಲಿ?

ಭಟ್, ಮಣಿಪಾಲ:

ಒಡಹುಟ್ಟಿದವನು. ಇದರಲ್ಲಿ ಚರ್ಚೆಗೇನಿದೆ? ‘ಒಡ’ ಅಂದರೆ ಜೊತೆ, ಅಚ್ಚಗನ್ನಡ. ದಯವಿಟ್ಟು ‘ಸಹೋದರ’ ತರಬೇಡಿ. ಮನೆಯಲ್ಲಿ ಪದ ಇರುವಾಗ ಪಕ್ಕದ ಮನೆಗೆ ಸಾಲಕ್ಕೆ ಹೋಗುವುದು ನಮಗೊಂದು ಚಾಳಿ.

ಶೆಟ್ಟಿ, ಸುರತ್ಕಲ್:

ಭಟ್ರೇ, ನಿಮ್ಮ ಪದವನ್ನು ಐದನೇ ಕ್ಲಾಸಿನ ನನ್ನ ತಂಗಿಯ ಮಗನಿಗೆ ಓದಿ ಹೇಳಿದೆ. ‘ಮಾವ, ಅವರು ಟ್ವಿನ್ಸಾ?’ ಅಂತ ಕೇಳಿದ. ಜೊತೆಗೇ ಹುಟ್ಟಿದವರು ಅವಳಿ ಅಲ್ವಾ? ಆ ಲೆಕ್ಕದಲ್ಲಿ ಮೊತ್ತ 24 ಬರಬೇಕಿತ್ತು. ಬ್ರದರ್ ಅಂತಲೇ ಇಡಿ. ಬಸ್ಸು, ಪೆನ್ನು ಎಲ್ಲ ಕನ್ನಡ ಆಗಿಲ್ವಾ?

ಲವೀನಾ, ಬೆಂದೂರು:

ನಮ್ಮ ಕಡೆ ಬ್ರದರ್ ಅಂದರೆ ಪಾದ್ರಿಯಾಗಲು ಕಲಿಯುತ್ತಿರುವವರು! ಅದಿರಲಿ, ಈ ಪದದಿಂದಲೇ ನಮ್ಮಲ್ಲೊಂದು ರಾದ್ಧಾಂತ ಆಗಿದೆ. ಅಕ್ಕನ ಮದುವೆ ಕಾಗದವನ್ನು ಕೊಂಕಣಿಯಲ್ಲಿ ಬರೆದು ಕೊಟ್ಟಿದ್ದೆವು. ನಮ್ಮ ‘ಭಾವ್’ ಅಂದರೆ ಒಡಹುಟ್ಟಿದ ಹುಡುಗ. ಪ್ರೆಸ್ಸಿನವರು ಕನ್ನಡದ ಕಾರ್ಡಿನಲ್ಲಿ ‘ವಧುವಿನ ಭಾವ’ ಅಂತ ಮಾಡಿಬಿಟ್ಟರು. 300 ಕಾರ್ಡು! ಕಾರ್ಡಿಗಾದರೆ ‘ಸಹೋದರ’ ಚೆನ್ನಾಗಿರುತ್ತದೆ, ಅದನ್ನೇ ಹಾಕಿ.

ಭಟ್, ಮಣಿಪಾಲ:

ಇಲ್ಲಿ ಕೇಳಿದ್ದು ಮದುವೆ ಕಾಗದವಲ್ಲ. ಇನ್ನು ಶೆಟ್ರೇ, ‘ಬಸ್ಸು’ ವಾದ ಸವೆದು ಹೋಗಿದೆ. ಇಲ್ಲದ್ದಕ್ಕೆ ಸಾಲ ಮಾಡಿದ್ದು ಬೇರೆ, ಇದ್ದದ್ದನ್ನು ಬಿಸಾಡಿ ಸಾಲ ಮಾಡುವುದು ಬೇರೆ.

ರಾಘವೇಂದ್ರ ಮಾಷ್ಟ್ರು, ಕುಂದಾಪುರ:

ಭಟ್ರೇ, ‘ಸಹೋದರ’ ಅಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ನಿಮ್ಮ ಪದದ ಕಟ್ಟೋಣವೂ ಹೆಚ್ಚುಕಡಿಮೆ ಅದೇ. ಎರಡೂ ತಪ್ಪಲ್ಲ. ಆದರೆ ಎರಡೂ ಮಕ್ಕಳು ದಿನಾ ಆಡುವ ಮಾತಲ್ಲ. ಇಂಗ್ಲಿಷ್‌ನ ಹುಡುಗ ನೇರ ಲೆಕ್ಕಕ್ಕೆ ಇಳಿಯುತ್ತಾನೆ, ನಮ್ಮವನು ಮೊದಲು ಪದ ಬಿಡಿಸಬೇಕು. ಆಗ ನೀವು ಅಳೆಯುವುದು ಗಣಿತವನ್ನಲ್ಲ.

ಸುಜಾತಾ ಟೀಚರ್, ಪದ ಹುಡುಕಬೇಡಿ, ಮೂಲ ಪ್ರಶ್ನೆಯನ್ನೇ ಬದಲಿಸಿ. ಹಲವು ದೇಶಗಳ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯವರು ಮೂಲವನ್ನು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಸಿದ್ಧ ಮಾಡುತ್ತಾರೆ. ಒಂದಕ್ಕೆ ಮಾತ್ರ ಅಂಟಿಕೊಂಡದ್ದು ಇನ್ನೊಂದರಲ್ಲಿ ಬರೆಯುವಾಗಲೇ ಎಡವುತ್ತದೆ. ನೀವೂ ಇಂಗ್ಲಿಷ್ ಜೊತೆಗೇ ಕನ್ನಡದಲ್ಲೂ ಬರೆದು ನೋಡಿ, ಆಮೇಲೆ ಉಳಿದವಕ್ಕೆ ಕಳಿಸಿ. ಇಲ್ಲಿ ಸಂಬಂಧವೇ ಬೇಡ: ‘ರವಿ ಮತ್ತು ಕಿರಣ್ ವಯಸ್ಸು ಕೂಡಿದರೆ 20.’

ಸೋರಿಕೆ ಹಿಡಿಯಲು ನಾನು ಮಾಡುವುದು ಇಷ್ಟೇ. ಅಂಕಿಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆಯನ್ನು ಯಾರಿಗಾದರೂ ತೋರಿಸುತ್ತೇನೆ. ಅಂಕಿ ನೋಡದೆಯೇ ಒಂದು ಆಯ್ಕೆ ಹೊಡೆದುಹಾಕಿದರೆ ಪದವೇ ಉತ್ತರ ಹೇಳುತ್ತಿದೆ ಅಂತ ಅರ್ಥ. ಕೋರ್ಸ್ ನಡೆದ ಮೇಲೂ ನೋಡಿ. ಉಳಿದ ಪ್ರಶ್ನೆಗಳಲ್ಲಿ ಐದೂ ಭಾಷೆಯ ಮಕ್ಕಳು ಸಮಸಮ ಇದ್ದು, ಇದೊಂದರಲ್ಲಿ ಕನ್ನಡ, ತುಳುವಿನವರು ಜಾಸ್ತಿ ಸರಿ ಮಾಡಿದ್ದರೆ ಸಂಶಯ ಪಡಿ.

ಬಿಟ್ಟ ಸ್ಥಳದಲ್ಲೂ ಹೀಗೇ. ‘ಗಿಡ ____ನಿಂದ ನೀರು ಹೀರುತ್ತದೆ’. ಬೇರು, ಕಾಂಡ, ಎಲೆ, ಹೂವು. ಕಾಂಡದಿಂದ, ಎಲೆಯಿಂದ ಅನ್ನುತ್ತೇವೆ ಹೊರತು ಕಾಂಡನಿಂದ ಅನ್ನುವುದಿಲ್ಲ. ಎರಡು ಅಲ್ಲೇ ಔಟ್. ಇಂಗ್ಲಿಷ್‌ನಲ್ಲಿ ಈ ಸುಳಿವು ಇಲ್ಲ. ವಿಭಕ್ತಿಯನ್ನು ಆಯ್ಕೆಯೊಳಗೇ ಸೇರಿಸಿ: ಬೇರಿನಿಂದ, ಕಾಂಡದಿಂದ, ಎಲೆಯಿಂದ, ಹೂವಿನಿಂದ.

ಶೆಟ್ಟಿ, ಸುರತ್ಕಲ್:

ಮಾಷ್ಟ್ರು ಹೇಳಿದ್ದು ಒಪ್ಪಿದೆ. ಆದರೆ ಮನೆ-ಮಂದಿ ಎಲ್ಲ ತೆಗೆದು ಬರೀ ರವಿ, ಕಿರಣ್ ಉಳಿದರೆ ಪ್ರಶ್ನೆ ಒಣ ಒಣ ಆಗಲ್ವಾ?

ಭಟ್, ಮಣಿಪಾಲ:

ಪದಕ್ಕೆ ಹೆದರಿ ಪ್ರಶ್ನೆ ಬದಲಿಸಿದ್ದನ್ನು ಪರಿಹಾರ ಅನ್ನಲಾರೆ. ಬಳಸದೆ ಇದ್ದರೆ ಮಕ್ಕಳಿಗೆ ‘ಒಡಹುಟ್ಟು’ ಗೊತ್ತಾಗುವುದು ಯಾವಾಗ?

ರಾಘವೇಂದ್ರ ಮಾಷ್ಟ್ರು, ಕುಂದಾಪುರ:

ಕನ್ನಡ ಪಾಠದಲ್ಲಿ.

ಸುಜಾತಾ, ಉಡುಪಿ:

ಕಿರಣ್ ಹಾಕಿ ಈಗಷ್ಟೇ ಕಳಿಸಿದೆ. ಅಂಕಿ ಮುಚ್ಚಿ ಪಕ್ಕದ ಮನೆ ಹುಡುಗಿಗೆ ತೋರಿಸಿದೆ, ಒಂದನ್ನೂ ಹೊಡೆಯಲಿಕ್ಕೆ ಆಗಲಿಲ್ಲ ಅವಳಿಗೆ. ತುಂಬಾ ಥ್ಯಾಂಕ್ಸ್ ಮಾಷ್ಟ್ರೇ. ಹನ್ನೊಂದನೇ ಪ್ರಶ್ನೆಯಲ್ಲಿ ರವಿಯ ‘ಅಂಕಲ್’ ಮೀನು ಹಂಚುತ್ತಿದ್ದಾರೆ. ಮಾವನೋ, ಚಿಕ್ಕಪ್ಪನೋ, ದೊಡ್ಡಪ್ಪನೋ? ಅಲ್ಲಿ ಯಾರು ಅಂದರೂ ಲೆಕ್ಕಕ್ಕೆ ತೊಂದರೆ ಇಲ್ಲ ಅಂತ ಕಾಣುತ್ತದೆ. ಭಟ್ರೇ, ನೀವೇ ಆರಿಸಿ.