ಮೊಟ್ಟೆ: ಲೆಕ್ಕದಲ್ಲಿ ನಷ್ಟ, ಗಲ್ಲಾದಲ್ಲಿ ದುಡ್ಡು ಉಂಟು

ಮಲ್ಪೆ ಅಂಗಡಿ:
ಆದಿ ಉಡುಪಿಯಿಂದ 20 ಟ್ರೇ, ಅಂದರೆ 600 ಮೊಟ್ಟೆ ತಂದೆ. ಒಂದಕ್ಕೆ 5.80ರಂತೆ 3480 ರೂಪಾಯಿ, ಆಟೋಗೆ 120, ಒಟ್ಟು 3600. ಇಳಿಸುವಾಗ 24 ಒಡೆದಿತ್ತು. 3600ನ್ನು 576ರಿಂದ ಭಾಗಿಸಿದರೆ ಮೊಟ್ಟೆಗೆ 6.25, ಟ್ರೇಗೆ 187.50. ಹೋಟೆಲಿನವರಿಗೆ ಕೊಡುವುದು 190ಕ್ಕೆ. ಹಾಗಾದರೆ ಲಾಭ ಒಟ್ಟು 48 ರೂಪಾಯಿ, ಅದರಲ್ಲಿ ಒಡೆದದ್ದರ 144 ಕಳೆದರೆ 96 ನಷ್ಟ. ಆದರೆ ಗಲ್ಲಾದಲ್ಲಿ 3708 ಉಂಟು! ಎಂತ ತಪ್ಪಾಯ್ತು?

ಕಾರ್ಕಳ ಕೋಳಿಗೂಡು:
ಚಿಪ್ಪು ತೆಳುವಾದರೆ ಹೀಗೇ. ಕೋಳಿಗೆ ಮರುವಾಯಿ ಚಿಪ್ಪನ್ನು ಪುಡಿ ಮಾಡಿ ಹಾಕಿ, ನಮ್ಮಲ್ಲಿ ಸರಿಯಾಯ್ತು.

ಮಲ್ಪೆ ಅಂಗಡಿ:
ಕೋಳಿ ನನ್ನದಲ್ಲ ಮಾರಾಯ್ರೆ, ನಾನು ತಂದು ಮಾರುವವ.

ಸುರತ್ಕಲ್ ದಿನಸಿ:
ಅಷ್ಟು ತಲೆಬಿಸಿ ಬೇಡ. ನೂರಕ್ಕೆ 4 ಒಡೆದರೆ ಅಸಲಿಗೆ 4 ಪರ್ಸೆಂಟ್ ಸೇರಿಸಿ ದರ ಹಾಕಿ.

ಬಂದರು ಲೆಕ್ಕ:
ಅದು 6.24 ಬರುತ್ತದೆ, ಸದ್ಯಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಒಡೆಯುವುದು ನೂರಕ್ಕೆ 10 ಆದರೆ 6.60 ಅಂದುಕೊಳ್ಳುತ್ತೀರಿ, ನಿಜವಾದ ಅಸಲು 6.67. ಭಾಗಿಸುವುದೇ ಸರಿ.

ಮಲ್ಪೆಯವರು ಒಡೆದದ್ದನ್ನು ಎರಡು ಸಲ ಕಳೆದಿದ್ದಾರೆ. 576ರಿಂದ ಭಾಗಿಸಿದಾಗಲೇ ಆ 24ರ ಅಸಲು ಉಳಿದವುಗಳ ಮೇಲೆ ಬಿತ್ತು. 144ನ್ನು ಮತ್ತೆ ಕಳೆಯಬಾರದು. ಆದರೂ ಲಾಭ 48 ಆಗಬೇಕಿತ್ತು, ನಿಮ್ಮಲ್ಲಿ 108 ಉಂಟು. ಉಳಿದ 60 ಎಲ್ಲಿಂದ?

ಮಲ್ಪೆ ಅಂಗಡಿ:
ಹೌದಲ್ಲ! ಬಿರುಕು ಮಾತ್ರ ಬಿಟ್ಟಿದ್ದ 15ನ್ನು ಆಮ್ಲೆಟ್ ಗಾಡಿಯವನಿಗೆ 4ರಂತೆ ಕೊಟ್ಟಿದ್ದೆ. ಸೋರಿದ 9 ಬಿಸಾಡಿದೆ.

ಬಂದರು ಲೆಕ್ಕ:
ಅಲ್ಲಿಗೆ ಸರಿಹೋಯ್ತು. 3600ರಲ್ಲಿ ಆ 60 ಕಳೆದು 576ರಿಂದ ಭಾಗಿಸಿ: ಮೊಟ್ಟೆಗೆ 6.15ರ ಹತ್ತಿರ, ಟ್ರೇಗೆ ಲಾಭ 5.60 ಚಿಲ್ಲರೆ. ಒಂದೂ ಒಡೆಯದಿದ್ದರೆ ಟ್ರೇಗೆ 10, ಒಟ್ಟು 200 ಸಿಗುತ್ತಿತ್ತು. ಕೈತಪ್ಪಿದ 92ರಲ್ಲಿ ಸೋರಿದ 9ರದ್ದೇ 57, ಬಿರುಕಿನ 15ರದ್ದು 35. ಹಾಗಾಗಿ ಮೊದಲು ನಿಲ್ಲಿಸಬೇಕಾದ್ದು ಸೋರುವುದನ್ನು.

ಎಲ್ಲಿ ಒಡೆದಿತ್ತು ನೋಡಿದ್ದೀರಾ? ಅಡಿಯ ಟ್ರೇಗಳಲ್ಲೇ ಆದರೆ ಭಾರ ಜಾಸ್ತಿ, ಇಲ್ಲವೇ ರಟ್ಟು ತೇವ ಹಿಡಿದಿದೆ. ಟ್ರೇಯನ್ನು ಬೆರಳಲ್ಲಿ ಒತ್ತಿ, ಗುಳಿ ಬಿದ್ದರೆ ಅದನ್ನು ಅಡಿಗೆ ಇಡಬೇಡಿ. ಅಂಚಿನ ಸಾಲಿನಲ್ಲಿ ಮಾತ್ರ ಒಡೆದಿದ್ದರೆ ಹಗ್ಗ ಬಿಗಿಯಾಗಿದೆ ಎಂದರ್ಥ.

ಮಲ್ಪೆ ಅಂಗಡಿ:
ಅಡಿಯ ಎರಡು ಟ್ರೇ. ರಟ್ಟು ಮೆತ್ತಗೇ ಇತ್ತು, ಮಳೆ ಬೇರೆ. ಪ್ಲಾಸ್ಟಿಕ್ ಟ್ರೇ ತರಲಾ?

ಬಂದರು ಲೆಕ್ಕ:
ಅಡಿಗೆ ಎರಡು ಸಾಕು, ಆದರೆ ತೊಳೆದು ಪೂರ್ತಿ ಒಣಗಿಸಿಯೇ ಬಳಸಿ.

ಸುರತ್ಕಲ್ ದಿನಸಿ:
ಬಿರುಕಿನ ಮೊಟ್ಟೆ ಮಾರುವುದೇ ನನಗೆ ಸರಿ ಕಾಣುವುದಿಲ್ಲ. ಯಾರಿಗಾದರೂ ಹೊಟ್ಟೆ ಕೆಟ್ಟರೆ?

ಬಂದರು ಲೆಕ್ಕ:
ಒಳಪೊರೆ ಹರಿಯದಿದ್ದರೆ, ಅಂದೇ ಚೆನ್ನಾಗಿ ಬೇಯಿಸುವವರಿಗೆ ಹೇಳಿ ಕೊಡಬಹುದು. ರಾತ್ರಿ ಉಳಿದರೆ ಬಿಸಾಡಿ.

ಸುರತ್ಕಲ್ ದಿನಸಿ:
ಅವ ಅಂದೇ ಬೇಯಿಸಿದನಾ ಅಂತ ನೋಡಲು ಯಾರು ಹೋಗುತ್ತಾರೆ? ನಾನಂತೂ ಕೊಡುವುದಿಲ್ಲ.